ತಾಯಿಗೆ ಬರೆದ ಎರಡು ಕಾಗದ, ತಾಯಿ ಬರೆದ ಒಂದು



ಸನ್ಯಾಸಕ್ಕೆ ಹೊರಟ ಮಗ ಹೆತ್ತವರಿಗೆ ಕಾಗದ ಬರೆಯುವುದು ಹೊಸ ಸಂಗತಿಯಲ್ಲ. ಬೌದ್ಧ ದೇಶಗಳಲ್ಲಿ, ಕ್ರೈಸ್ತ ಮಠಗಳಲ್ಲಿ, ನಮ್ಮಲ್ಲಿಯೂ ಅಂಥ ಕಾಗದಗಳು ಬೇಕಾದಷ್ಟು ಬರೆಯಲ್ಪಟ್ಟಿವೆ. ಹೆಚ್ಚಿನವು ಮನೆಯ ಪೆಟ್ಟಿಗೆಯಲ್ಲೇ ಕಳೆದುಹೋಗಿವೆ. ಮಗನ ಕಾಗದ ಉಳಿದು, ಅದಕ್ಕೆ ತಾಯಿ ಕೊಟ್ಟ ಉತ್ತರವೂ ಉಳಿದು, ಅವೆರಡನ್ನೂ ಮಠದವರೇ ಜೋಪಾನ ಮಾಡಿ ಹೊಸಬರಿಗೆ ಓದಿಸಿದ ಉದಾಹರಣೆ ಮಾತ್ರ ಬಹಳ ಅಪರೂಪ. ಒಂಬತ್ತನೆಯ ಶತಮಾನದ ಚೀನಾದ ಲಿಯಾಂಗ್‌ಜಿಯೆ ಎಂಬ ಭಿಕ್ಷುವಿನ ಹೆಸರಿನಲ್ಲಿ ಅಂಥದೊಂದು ಪತ್ರಗುಚ್ಛ ಇದೆ. ಮಗನವು ಎರಡು, ತಾಯಿಯದು ಒಂದು.

ಈತ ಸಾಮಾನ್ಯ ಭಿಕ್ಷುವಲ್ಲ. ಮುಂದೆ ದೊಂಗ್‌ಶಾನ್ ಬೆಟ್ಟದಲ್ಲಿ ನೆಲೆಸಿ, ಆ ಬೆಟ್ಟದ ಹೆಸರಿನಿಂದಲೇ ಪ್ರಸಿದ್ಧನಾದ. ಚೀನಾದ ಚಾನ್ ಪಂಥದ ದೊಡ್ಡ ಶಾಖೆಯೊಂದು ಇವನಿಂದ ಹೊರಟಿತು. ಜಪಾನಿನಲ್ಲಿ ಸೋತೋ ಝೆನ್ ಎಂದು ಬೆಳೆದದ್ದು ಅದೇ. ಹುಟ್ಟಿದ್ದು 807ರಲ್ಲಿ, ಈಗಿನ ಝೆಜಿಯಾಂಗ್ ಪ್ರಾಂತ್ಯದಲ್ಲಿ, ಯೂ ಎಂಬ ಮನೆತನದಲ್ಲಿ. ಬಾಲ್ಯದ ಒಂದು ಪ್ರಸಂಗವನ್ನು ಅವನ ಚರಿತ್ರೆಕಾರರು ಹೇಳುತ್ತಾರೆ. ಹುಡುಗ ಊರಿನ ಗುರುವಿನ ಬಳಿ ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಕಲಿಯುತ್ತಿದ್ದ. ಕಣ್ಣಿಲ್ಲ, ಕಿವಿಯಿಲ್ಲ, ಮೂಗಿಲ್ಲ ಎಂಬ ಅರ್ಥದ ಭಾಗ ಬಂದಾಗ ತಟ್ಟನೆ ತನ್ನ ಮುಖ ಮುಟ್ಟಿ ನೋಡಿಕೊಂಡ. ನನಗೆ ಇವೆಲ್ಲ ಇವೆಯಲ್ಲ, ಗ್ರಂಥ ಇಲ್ಲವೆನ್ನುವುದೇಕೆ ಎಂದು ಕೇಳಿದ. ಗುರುವಿಗೆ ಉತ್ತರ ಹೊಳೆಯಲಿಲ್ಲ. ನಿನಗೆ ಕಲಿಸುವಷ್ಟು ನನ್ನಲ್ಲಿಲ್ಲ ಎಂದು ಒಪ್ಪಿಕೊಂಡು, ಹುಡುಗನನ್ನು ವೂಶಿಯೆ ಬೆಟ್ಟದ ಲಿಂಗ್‌ಮೋ ಎಂಬ ಆಚಾರ್ಯರ ಬಳಿಗೆ ಕಳಿಸಿದ. ಅಲ್ಲಿ ತಲೆ ಬೋಳಿಸಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸೊಂಗ್‌ಶಾನ್ ಬೆಟ್ಟದಲ್ಲಿ ಪೂರ್ಣ ದೀಕ್ಷೆಯಾಯಿತು. ಚೀನಾದ ಭಿಕ್ಷುಗಳು ಪಾಲಿಸುವ ವಿನಯದಲ್ಲಿ ಪೂರ್ಣ ದೀಕ್ಷೆ ಎಂದರೆ 250 ನಿಯಮಗಳು.

ಕಾಗದಗಳನ್ನು ಬಿಚ್ಚುವ ಮುನ್ನ ಒಂದು ಹಿನ್ನೆಲೆ ಹೇಳಬೇಕು. ಬೌದ್ಧ ಸಂಘದಲ್ಲಿ ದೀಕ್ಷೆ ಬೇಡಿ ಬಂದವನಿಗೆ ಕೇಳುವ ಪ್ರಶ್ನೆಗಳ ಸಾಲೊಂದಿದೆ. ರೋಗವಿದೆಯೇ, ಸಾಲವಿದೆಯೇ, ರಾಜನ ಚಾಕರಿಯಲ್ಲಿದ್ದೀಯಾ, ಇಪ್ಪತ್ತು ವರ್ಷ ತುಂಬಿದೆಯೇ. ಆ ಸಾಲಿನಲ್ಲೇ ಇನ್ನೊಂದು ಬರುತ್ತದೆ: ತಂದೆ ತಾಯಿ ಒಪ್ಪಿದ್ದಾರೆಯೇ? ಥೇರವಾದದಲ್ಲೂ ಟಿಬೆಟಿನ ಪರಂಪರೆಯಲ್ಲೂ ಇದು ಇಂದಿಗೂ ಉಳಿದಿದೆ. ನಮ್ಮ ಬೈಲುಕುಪ್ಪೆಯ ಮಠಗಳೂ ಈ ಪದ್ಧತಿಗೆ ಸೇರಿದವೇ.

ಈ ಪ್ರಶ್ನೆ ಬಂದದ್ದು ಒಬ್ಬ ಅಜ್ಜನ ಸಂಕಟದಿಂದ. ಬುದ್ಧ ಕಪಿಲವಸ್ತುವಿಗೆ ಬಂದಾಗ ಮಗ ರಾಹುಲ ಪಿತ್ರಾರ್ಜಿತ ಕೇಳುತ್ತ ಹಿಂದೆ ಬಂದ. ಬುದ್ಧ ಸಾರಿಪುತ್ತನಿಗೆ ಹೇಳಿ ಅವನಿಗೆ ದೀಕ್ಷೆ ಕೊಡಿಸಿದ. ಸುದ್ದಿ ತಿಳಿದ ಶುದ್ಧೋದನ ನೇರವಾಗಿ ಮಗನ ಬಳಿಗೆ ಬಂದ. ನೀನು ಹೊರಟಾಗ ದುಃಖವಾಯಿತು, ನಂದ ಹೊರಟಾಗ ಮತ್ತೆ ಆಯಿತು, ರಾಹುಲನದಂತೂ ತಡೆಯಲಾರೆ ಎಂದ. ಮಕ್ಕಳ ಮೇಲಿನ ಪ್ರೀತಿ ಚರ್ಮ ಸೀಳಿ, ಮಾಂಸ ಸೀಳಿ, ನರ, ಎಲುಬು ದಾಟಿ ಮಜ್ಜೆಯವರೆಗೆ ಇಳಿಯುತ್ತದೆ ಎಂಬ ಅವನ ಅಳಲನ್ನು ವಿನಯ ಪಿಟಕ ಒಂದೊಂದೇ ಹಂತವಾಗಿ ದಾಖಲಿಸಿದೆ. ಹೆತ್ತವರು ಒಪ್ಪದ ಮಗನಿಗೆ ಇನ್ನು ಮುಂದೆ ದೀಕ್ಷೆ ಕೊಡಬಾರದೆಂದು ಬುದ್ಧ ನಿಯಮ ಮಾಡಿದ. ಗಮನಿಸಬೇಕಾದ ಸಂಗತಿ, ಈ ನಿಯಮ ಮುರಿದರೆ ತಪ್ಪು ದೀಕ್ಷೆ ಪಡೆದ ಹುಡುಗನ ಮೇಲಲ್ಲ, ಕೊಟ್ಟ ಭಿಕ್ಷುವಿನ ಮೇಲೆ.

ಹಾಗಾದರೆ ಒಪ್ಪಿಗೆ ಪಡೆಯುವುದು ಹೇಗೆ? ಹಳೆಯ ಕಥೆಗಳಲ್ಲಿ ಅದು ಹೆಚ್ಚಾಗಿ ಒತ್ತಾಯದಿಂದಲೇ ಸಿಗುತ್ತದೆ. ಕುರು ದೇಶದ ಸಿರಿವಂತರ ಒಬ್ಬನೇ ಮಗ ರಟ್ಠಪಾಲ ಬರಿ ನೆಲದ ಮೇಲೆ ಮಲಗಿಬಿಟ್ಟ. ದೀಕ್ಷೆ ಇಲ್ಲವೇ ಸಾವು ಎಂದು ಊಟ ಬಿಟ್ಟ. ಅವನ ಗೆಳೆಯರೇ ಹೆತ್ತವರಿಗೆ ಬುದ್ಧಿ ಹೇಳಿದರು: ಸತ್ತ ಮಗನನ್ನು ನೋಡುವುದಕ್ಕಿಂತ ಭಿಕ್ಷುವಾದ ಮಗನನ್ನಾದರೂ ನೋಡಬಹುದು. ಆಮೇಲೆ ಬಂದು ಮುಖ ತೋರಿಸಬೇಕು ಎಂಬ ಷರತ್ತಿನ ಮೇಲೆ ಅವರು ಒಪ್ಪಿದರು. ನಮ್ಮವರಿಗೆ ಇನ್ನೂ ಹತ್ತಿರದ್ದು ಕಾಲಡಿಯ ಶಂಕರರ ಕಥೆ. ಪೂರ್ಣಾ ನದಿಯಲ್ಲಿ ಮೊಸಳೆ ಕಾಲು ಹಿಡಿದ ಗಳಿಗೆಯಲ್ಲಿ ತಾಯಿ ಆರ್ಯಾಂಬೆ ಸನ್ಯಾಸಕ್ಕೆ ಹೂಂ ಎಂದಳಂತೆ. ಅಂತ್ಯಕಾಲಕ್ಕೆ ಬಂದೇ ಬರುತ್ತೇನೆಂದು ಮಗ ಮಾತು ಕೊಟ್ಟನಂತೆ. ಎರಡು ಕಥೆಗಳಲ್ಲೂ ಮಗನ ಪ್ರಾಣ ಪಣಕ್ಕೆ ಬಿದ್ದಿದೆ. ಎರಡರಲ್ಲೂ ಹಿಂತಿರುಗಿ ಬರುವ ಮಾತಿದೆ.

ಲಿಯಾಂಗ್‌ಜಿಯೆಯ ಕಾಗದದಲ್ಲಿ ಇವೆರಡೂ ಇಲ್ಲ. ಉಪವಾಸದ ಬೆದರಿಕೆಯಿಲ್ಲ, ಬರುತ್ತೇನೆಂಬ ಭರವಸೆಯೂ ಇಲ್ಲ. ಅದಕ್ಕೇ ಅದು ಓದಲು ಅಷ್ಟು ಕಠಿಣ.

ಮೊದಲ ಕಾಗದ ತಂದೆ ತಾಯಿ ಇಬ್ಬರನ್ನೂ ಉದ್ದೇಶಿಸಿದ್ದು. ಶುರುವಾಗುವುದು ಋಣದಿಂದ. ಬುದ್ಧರಾದವರೂ ಹೆತ್ತವರಿಂದಲೇ ದೇಹ ಪಡೆದದ್ದು, ಹೆತ್ತವರಿಲ್ಲದೆ ಹುಟ್ಟಿಲ್ಲ, ಭೂಮಿ ಆಕಾಶಗಳಿಲ್ಲದೆ ಬೆಳವಣಿಗೆಯಿಲ್ಲ ಎಂದು ಮಗ ಮೊದಲೇ ಒಪ್ಪಿಕೊಳ್ಳುತ್ತಾನೆ. ಇದು ಬರಿಯ ಶಿಷ್ಟಾಚಾರವಲ್ಲ. ಚೀನಾದಲ್ಲಿ ಭಿಕ್ಷುವಾಗುವುದೆಂದರೆ ಮನೆಯ ಧರ್ಮದ ಬುಡಕ್ಕೇ ಏಟು. ಕನ್‌ಫ್ಯೂಶಿಯಸ್ ಪರಂಪರೆಯ ಪಿತೃಭಕ್ತಿಯ ಗ್ರಂಥ ಮೊದಲ ಅಧ್ಯಾಯದಲ್ಲೇ, ದೇಹ, ಕೂದಲು, ಚರ್ಮ ಎಲ್ಲ ಹೆತ್ತವರ ಕೊಡುಗೆ, ಅವಕ್ಕೆ ಊನ ಮಾಡದಿರುವುದೇ ಭಕ್ತಿಯ ಆರಂಭ ಎನ್ನುತ್ತದೆ. ಭಿಕ್ಷು ಕೂದಲು ತೆಗೆಸುತ್ತಾನೆ. ಮದುವೆಯಾಗುವುದಿಲ್ಲ, ಆದ್ದರಿಂದ ಪೂರ್ವಜರಿಗೆ ಎಡೆ ಇಡುವ ಮೊಮ್ಮಕ್ಕಳೂ ಇಲ್ಲ. ಮನೆತನದ ಹೆಸರನ್ನೂ ಬಿಡುತ್ತಾನೆ. ಸರಕಾರದ ಕಣ್ಣೂ ಇದರ ಮೇಲಿತ್ತು. ಅಪ್ಪಣೆಯಿಲ್ಲದೆ ಖಾಸಗಿಯಾಗಿ ಸನ್ಯಾಸಿಯಾದವನಿಗೆ ತಾಂಗ್ ರಾಜವಂಶದ ಕಾನೂನು 100 ಏಟಿನ ಶಿಕ್ಷೆ ಇಟ್ಟಿತ್ತು.

ಇಂಥ ಸಮಾಜದಲ್ಲಿ ಕೂತು ಲಿಯಾಂಗ್‌ಜಿಯೆ ತನ್ನ ವಾದವನ್ನು ಕಟ್ಟುತ್ತಾನೆ. ಹಾಲೂಡಿಸಿದ ಮಮತೆ ದೊಡ್ಡದು, ನಿಜ. ಆದರೆ ಹಣ ಕಾಸಿನಿಂದ ಅದನ್ನು ತೀರಿಸಲಾಗದು. ಮಾಂಸದೂಟ ಹಾಕಿ ನೋಡಿಕೊಂಡರೂ ಅದು ಎಷ್ಟು ದಿನ? ಎಲ್ಲವೂ ಅನಿತ್ಯವಾಗಿರುವಾಗ ಮಗ ಮತ್ತು ಹೆತ್ತವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಒಟ್ಟಿಗೇ ಮುಳುಗುತ್ತಾರೆ. ಇದಕ್ಕೆ ಪಿತೃಭಕ್ತಿಯ ಗ್ರಂಥವನ್ನೇ ಸಾಕ್ಷಿಗೆ ಕರೆಯುತ್ತಾನೆ. ದಿನವೂ ದನ, ಕುರಿ, ಹಂದಿ ಮೂರರ ಮಾಂಸ ಬಡಿಸಿದರೂ ಅದು ಭಕ್ತಿಯಾಗದು ಎಂದು ಅಲ್ಲಿ ಹೇಳಿದೆಯಲ್ಲ ಎನ್ನುತ್ತಾನೆ. ಮೂಲದಲ್ಲಿ ಆ ಮಾತು ಇರುವುದು ಬೇರೆ ಸಂದರ್ಭದಲ್ಲಿ. ಸೊಕ್ಕು, ದಂಗೆ, ಜಗಳ ಬಿಡದ ಮಗ ಎಷ್ಟು ಉಣಿಸಿದರೂ ಭಕ್ತನಲ್ಲ ಎಂಬುದು ಅಲ್ಲಿನ ಅರ್ಥ. ಲಿಯಾಂಗ್‌ಜಿಯೆ ಅದರ ಅರ್ಧವನ್ನಷ್ಟೇ ಎತ್ತಿಕೊಂಡಿದ್ದಾನೆ. ಓದು ಬಲ್ಲ ತಂದೆಗೆ ಇದು ತಿಳಿಯದೇ ಇರುವಂಥದ್ದಲ್ಲ. ಕಾಗದದ ದುರ್ಬಲ ಜಾಗ ಇದು.

ಗಟ್ಟಿಯಾದ ಜಾಗ ಮುಂದೆ ಬರುತ್ತದೆ. ಒಬ್ಬ ಮಗ ಮನೆ ಬಿಟ್ಟರೆ ಒಂಬತ್ತು ಕುಲದ ಬಂಧುಗಳು ಸ್ವರ್ಗ ಸೇರುತ್ತಾರೆ ಎಂಬ, ಆಗ ಜನಜನಿತವಾಗಿದ್ದ ನಂಬಿಕೆಯನ್ನು ಹೇಳಿ, ತಾನು ಈ ಜನ್ಮದ ಜೀವವನ್ನೇ ಒತ್ತೆಯಿಟ್ಟಿದ್ದೇನೆ, ಮನೆಗೆ ಮರಳುವುದಿಲ್ಲ ಎಂದು ಶಪಥ ಮಾಡಿದ್ದೇನೆ ಎಂದು ಬರೆಯುತ್ತಾನೆ. ಸುತ್ತುಬಳಸಿಲ್ಲ. ನೋಡೋಣ, ಸಮಯ ಸಿಕ್ಕರೆ ಬರುತ್ತೇನೆ ಎಂಬ ಮಾತೂ ಇಲ್ಲ. ಇಂದು ಅಗಲೋಣ, ಮುಂದೊಂದು ದಿನ ಬುದ್ಧರ ಸಭೆಯಲ್ಲಿ ಸೇರೋಣ ಎನ್ನುತ್ತಾನೆ. ಸೇವೆಯನ್ನು ತಪ್ಪಿಸಿಕೊಳ್ಳುವ ಉದ್ದೇಶ ತನಗಿಲ್ಲ, ಕಾಲ ಯಾರಿಗೂ ಕಾಯುವುದಿಲ್ಲ, ಈ ಜನ್ಮದಲ್ಲಿ ದಾಟದಿದ್ದರೆ ಮತ್ತೆ ಯಾವ ಜನ್ಮದಲ್ಲಿ ಎಂದು ಕಾರಣ ಕೊಡುತ್ತಾನೆ. ತನ್ನನ್ನು ನೆನೆದು ಕೊರಗಬೇಡಿ ಎಂದು ಬೇಡಿಕೊಂಡು ಮುಗಿಸುತ್ತಾನೆ.

ಈ ಗಟ್ಟಿತನ ಕ್ರೂರವೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಹೆತ್ತವರನ್ನು ನಿಜವಾಗಿ ಹಿಂಸಿಸುವುದು ಅರ್ಧ ತೆರೆದಿಟ್ಟ ಆಸೆ. ಈ ಹಬ್ಬಕ್ಕೆ ಬಂದಾನು, ಮುಂದಿನ ಸುಗ್ಗಿಗೆ ಬಂದಾನು ಎಂದು ವರ್ಷ ವರ್ಷ ಎಣಿಸುವಂತೆ ಮಾಡುವುದು. ಲಿಯಾಂಗ್‌ಜಿಯೆ ಹೆತ್ತವರನ್ನು ಆ ಲೆಕ್ಕಕ್ಕೆ ದೂಡಲಿಲ್ಲ.

ಆದರೆ ಈ ಕಾಗದದಲ್ಲಿ ಇನ್ನೊಂದು ಮಾತಿದೆ, ಅದರ ಮುಂದೆ ನಿಲ್ಲಲೇಬೇಕು. ಶುದ್ಧೋದನ ರಾಜನಂತೆ, ಮಾಯಾದೇವಿಯಂತೆ ಮನಸ್ಸು ತೆರೆದು ಸಂತೋಷದಿಂದ ಮಗನನ್ನು ಬಿಟ್ಟುಕೊಡಿ ಎಂದು ಮಗ ಹೆತ್ತವರನ್ನು ಕೇಳುತ್ತಾನೆ. ಮಾಯಾದೇವಿ ಮಗ ಹುಟ್ಟಿದ ಏಳನೆಯ ದಿನಕ್ಕೆ ತೀರಿಕೊಂಡವಳು. ಬಿಟ್ಟುಕೊಡುವ ಪ್ರಸಂಗವೇ ಅವಳಿಗೆ ಬರಲಿಲ್ಲ. ಇನ್ನು ಶುದ್ಧೋದನ. ಸಂತೋಷದಿಂದ ಬಿಟ್ಟುಕೊಟ್ಟ ತಂದೆಯೆಂದು ಲಿಯಾಂಗ್‌ಜಿಯೆ ತೋರಿಸುವ ಈ ರಾಜ, ವಿನಯ ಪಿಟಕದ ಪ್ರಕಾರ, ಮಜ್ಜೆಯವರೆಗೆ ನೋವು ತಿಂದು ಬಂದು ಒಂದು ನಿಯಮವನ್ನೇ ಮಾಡಿಸಿದ ತಂದೆ. ಎಲ್ಲ ಹೆತ್ತವರ ಪರವಾಗಿ ಅವನು ಸಂಘದ ಬಾಗಿಲಲ್ಲಿ ಒಂದು ಪ್ರಶ್ನೆ ನಿಲ್ಲಿಸಿ ಹೋದ. ಮಗ ಅವನ ಹೆಸರನ್ನು ಒಪ್ಪಿಸಲೆಂದು ಎತ್ತಿದ. ಆದರೆ ಆ ಹೆಸರು ಹೆತ್ತವರ ಕಡೆಯ ಸಾಕ್ಷಿ.

ಎರಡನೆಯ ಕಾಗದ ಬಂದದ್ದು ಹತ್ತು ವರ್ಷಗಳ ಮೇಲೆ. ಕೋಲು ಹಿಡಿದು ದಕ್ಷಿಣಕ್ಕೆ ಹೊರಟು ಹತ್ತು ಶರತ್ಕಾಲಗಳಾದವು, ಹಾದಿ ಸಾವಿರಾರು ಹರದಾರಿಯಾಯಿತು ಎಂದು ಆರಂಭವಾಗುತ್ತದೆ. ಈ ಸಲ ಸಂಬೋಧನೆ ತಾಯಿಗೆ ಮಾತ್ರ. ಈ ಒಂದು ಬದಲಾವಣೆಯಲ್ಲೇ ಮನೆಯ ಕಥೆ ಇದೆ. ತಂದೆ ಈಗ ಇಲ್ಲ, ಅದನ್ನು ತಾಯಿಯ ಉತ್ತರವೂ ಹೇಳುತ್ತದೆ. ಮಗನ ಮಾತು ಮೊದಲಿಗಿಂತ ಮೃದುವಾಗಿದೆ. ಮನೆಯ ವ್ಯವಹಾರ ಬಂದಂತೆ ಸಾಗಲಿ, ಹಚ್ಚಿಕೊಂಡಷ್ಟೂ ಅದು ಹೆಚ್ಚುತ್ತದೆ ಎನ್ನುತ್ತಾನೆ. ಬಾಗಿಲಿಗೆ ಒರಗಿ ದಾರಿ ಕಾಯಬೇಡ ಎಂದು ಬೇಡಿಕೊಳ್ಳುತ್ತಾನೆ. ಬಾಗಿಲಿಗೆ ಒರಗಿ ಮಗನಿಗಾಗಿ ಕಾಯುವ ತಾಯಿ ಚೀನಾದ ಹಳೆಯ ಇತಿಹಾಸದ ಕಥೆಗಳಿಂದ ಬಂದ ಚಿತ್ರ.

ಮುಂದೆ ಕರ್ತವ್ಯವನ್ನು ಹಂಚುತ್ತಾನೆ. ಅಣ್ಣ ಮಂಜುಗಡ್ಡೆಯಡಿಯ ಮೀನು ತರಲಿ, ತಮ್ಮ ಚಳಿಗಾಲದ ಬಿದಿರುಮೆಳೆಯಲ್ಲಿ ಕಳಲೆಗಾಗಿ ಅಳಲಿ ಎಂಬ ಅರ್ಥದ ಮಾತು. ಇವೂ ಚೀನಾದ ಮನೆಮನೆಗೆ ಗೊತ್ತಿದ್ದ ಕಥೆಗಳು. ವಾಂಗ್ ಶಿಯಾಂಗ್ ಎಂಬವನು ಮಲತಾಯಿಗೆ ಮೀನು ಬೇಕೆಂದು ಹೆಪ್ಪುಗಟ್ಟಿದ ನೀರಿನ ಮೇಲೆ ಬರಿಮೈಯಲ್ಲಿ ಮಲಗಿದ. ಮೆಂಗ್ ಝೊಂಗ್ ಎಂಬವನು ಕಾಯಿಲೆಯ ತಾಯಿಗಾಗಿ ಬಿದಿರುಮೆಳೆಯಲ್ಲಿ ಅತ್ತಾಗ ಅಕಾಲದಲ್ಲಿ ಕಳಲೆ ಚಿಗುರಿತು. ಮನೆಯಲ್ಲಿರುವವರ ಭಕ್ತಿ ಅದು, ಧ್ಯಾನ ಮಾಡಿ ಋಣ ತೀರಿಸುವುದು ತನ್ನ ಭಕ್ತಿ ಎಂಬುದು ಲಿಯಾಂಗ್‌ಜಿಯೆಯ ವಿಂಗಡಣೆ. ಮನೆಯಿಂದ ದೂರವಿದ್ದವನಿಗೆ ಅದು ಒಪ್ಪುವ ವಿಂಗಡಣೆಯೇ. ಮನೆಯಲ್ಲಿ ಉಳಿದವರಿಗೆ ಒಪ್ಪುತ್ತದೆಯೇ ಎಂಬುದು ತಾಯಿಯ ಕಾಗದದಲ್ಲಿ ತಿಳಿಯುತ್ತದೆ.

ತಾಯಿಯ ಉತ್ತರ ಇಡೀ ಗುಚ್ಛದಲ್ಲಿ ಅತ್ಯಂತ ಬಲವಾದ ಬರಹ. ಆಕೆ ಮಗನ ಜೊತೆ ತತ್ತ್ವ ವಾದಿಸುವುದಿಲ್ಲ. ನಡೆದದ್ದನ್ನು ಕ್ರಮವಾಗಿ ಹೇಳುತ್ತಾಳೆ. ಬಸುರಾದಾಗ ಗಂಡುಮಗುವಿಗಾಗಿ ದೇವರಿಗೆ, ಬುದ್ಧರಿಗೆ ಹರಕೆ ಹೊತ್ತದ್ದು. ಹೆರಿಗೆಯ ಹೊತ್ತಿನಲ್ಲಿ ಜೀವ ನೂಲಿನೆಳೆಯಲ್ಲಿ ನೇತಾಡಿದ್ದು. ಹುಟ್ಟಿದ ಮಗುವನ್ನು ರತ್ನದಂತೆ ಕಾದದ್ದು, ಹೇಲು ಉಚ್ಚೆಗೆ ಅಸಹ್ಯಪಡದೆ ಎತ್ತಿದ್ದು, ಹಾಲೂಡಿಸಿ ದಣಿಯದಿದ್ದದ್ದು. ಓದಿಗೆ ಕಳಿಸಿದ ಮೇಲೆ ಸ್ವಲ್ಪ ತಡವಾದರೂ ಬಾಗಿಲಿಗೆ ಒರಗಿ ನಿಂತದ್ದು. ಮಗ ಬೇಡವೆಂದ ಆ ಬಾಗಿಲು ಹೀಗೆ ಅವಳ ಕಾಗದಕ್ಕೆ ಬರುತ್ತದೆ. ಮಗನಿಗೆ ಅದು ಪುಸ್ತಕದಲ್ಲಿ ಓದಿದ ಚಿತ್ರ, ತಾಯಿಗೆ ಅವಳ ಮನೆಯದೇ ಹೊಸ್ತಿಲು.

ಆಮೇಲೆ ಮಗನ ಹಂಚಿಕೆಗೆ ಉತ್ತರ. ಗಂಡ ಹೋದ, ನಾನು ಮುದುಕಿಯಾದೆ, ನಿನ್ನ ಅಣ್ಣನಿಗೆ ಕೈಯಲ್ಲಿ ಏನಿಲ್ಲ, ತಮ್ಮನೂ ಬಡವ, ನಾನು ಯಾರನ್ನು ನಂಬಲಿ ಎಂದು ಕೇಳುತ್ತಾಳೆ. ಮೀನು, ಕಳಲೆ ತರಬೇಕಾದವರ ಸ್ಥಿತಿ ಅದು. ಮಗನಿಗೆ ತಾಯಿಯನ್ನು ಬಿಡುವ ಮನಸ್ಸಿದೆ, ತಾಯಿಗೆ ಮಗನನ್ನು ಬಿಡುವ ಮನಸ್ಸಿಲ್ಲ ಎಂದು ನೇರವಾಗಿ ಬರೆಯುತ್ತಾಳೆ. ನೀನು ಹೋದಾಗಿನಿಂದ ಹಗಲೂ ರಾತ್ರಿ ಅತ್ತಿದ್ದೇನೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಇದೆಲ್ಲ ಹೇಳಿದ ಮೇಲೆ ಒಪ್ಪುತ್ತಾಳೆ. ಮರಳುವುದಿಲ್ಲವೆಂದು ಶಪಥ ಮಾಡಿದ್ದೀಯಲ್ಲ, ನಿನ್ನ ಇಷ್ಟದಂತೆ ಆಗಲಿ ಎನ್ನುತ್ತಾಳೆ. ಆದರೆ ಈ ಒಪ್ಪಿಗೆಗೆ ಶರತ್ತಿದೆ. ವಾಂಗ್ ಶಿಯಾಂಗ್‌ನಂತೆ ಮಂಜಿನ ಮೇಲೆ ಮಲಗು, ಸತ್ತ ಹೆತ್ತವರ ಮರದ ಮೂರ್ತಿ ಕೆತ್ತಿ ಪೂಜಿಸಿದ ದಿಂಗ್ ಲಾನ್‌ನಂತಿರು ಎಂದು ನಾನು ಕೇಳುವುದಿಲ್ಲ. ಮೌದ್ಗಲ್ಯಾಯನನಂತೆ ನನ್ನನ್ನು ದಾಟಿಸು. ಅದಾಗದಿದ್ದರೆ ಆ ತಪ್ಪು ನಿನ್ನ ಮೇಲೆಯೇ ಉಳಿಯುತ್ತದೆ, ಚೆನ್ನಾಗಿ ತಿಳಿದುಕೋ. ಕಾಗದ ಇಲ್ಲಿಗೆ ನಿಲ್ಲುತ್ತದೆ.

ಮೌದ್ಗಲ್ಯಾಯನನನ್ನು ಆಕೆ ಸುಮ್ಮನೆ ಆರಿಸಿಲ್ಲ. ಚೀನಾದಲ್ಲಿ ಬಹಳ ಪ್ರಿಯವಾದ ಕಥೆ ಅದು. ಬುದ್ಧನ ಶಿಷ್ಯ ಮೌದ್ಗಲ್ಯಾಯನ ದಿವ್ಯದೃಷ್ಟಿಯಿಂದ ನೋಡಿದಾಗ ಸತ್ತ ತಾಯಿ ಹಸಿದ ಪ್ರೇತವಾಗಿದ್ದಳು. ಅನ್ನ ಕೊಂಡೊಯ್ದ. ಬಾಯಿಗೆ ಹೋಗುವ ಮುನ್ನವೇ ಅದು ಕೆಂಡವಾಯಿತು. ಸಿದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದವನಿಗೂ ಒಬ್ಬನಿಂದಲೇ ತಾಯಿಯನ್ನು ಉಳಿಸಲು ಆಗಲಿಲ್ಲ. ವರ್ಷಾವಾಸ ಮುಗಿಯುವ ಏಳನೆಯ ತಿಂಗಳ ಹುಣ್ಣಿಮೆಯಂದು ಇಡೀ ಸಂಘಕ್ಕೆ ದಾನ ಕೊಡು ಎಂದು ಬುದ್ಧ ಹೇಳಿದ. ಹಾಗೆ ಮಾಡಿದಾಗ ತಾಯಿ ಪಾರಾದಳು. ಚೀನಾದಲ್ಲಿ ಆ ಹುಣ್ಣಿಮೆಯ ಹಬ್ಬ ಬೆಳೆದದ್ದು ಈ ಕಥೆಯಿಂದ. ಮಗ ತನ್ನ ಮೊದಲ ಕಾಗದದಲ್ಲಿ, ಮನೆ ಬಿಟ್ಟ ಮಾತ್ರಕ್ಕೆ ಒಂಬತ್ತು ಕುಲ ಪಾರಾಗುತ್ತದೆ ಎಂದಿದ್ದ. ತಾಯಿ ಅದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಹೊರಟರೆ ಸಾಲದು, ಮೌದ್ಗಲ್ಯಾಯನನಷ್ಟು ಮಾಡಿ ತೋರಿಸು ಎಂದಳು. ಮಗನ ಮಾತನ್ನೇ ಮಗನ ಮೇಲಿನ ಸಾಲಪತ್ರವಾಗಿ ಬರೆದುಕೊಂಡಳು.

ಗೌರವ ಮತ್ತು ದೃಢತೆ ಒಟ್ಟಿಗೆ ಇರಬಹುದೇ ಎಂಬ ಪ್ರಶ್ನೆಗೆ ಮಗನ ಕಾಗದಗಳಿಗಿಂತ ತಾಯಿಯ ಕಾಗದದಲ್ಲಿ ಹೆಚ್ಚು ಉತ್ತರವಿದೆ. ತನಗೆ ನೋವಾಗಿಲ್ಲ ಎಂದು ನಟಿಸದೆ ಒಪ್ಪಿದಳು, ಒಪ್ಪಿದ ಮೇಲೂ ತನ್ನ ಹಕ್ಕನ್ನು ಬಿಡಲಿಲ್ಲ.

ಈ ನೋವಿನ ಬಗ್ಗೆ ನಂತರದವರಿಗೂ ಸಮಾಧಾನ ಸಿಕ್ಕಂತೆ ಕಾಣುವುದಿಲ್ಲ. ಸುಮಾರು 1300ರಲ್ಲಿ ಜಪಾನಿನ ಕೇಝಾನ್ ಎಂಬ ಸೋತೋ ಗುರು ತನ್ನ ಪ್ರವಚನಗಳಲ್ಲಿ ಈ ತಾಯಿಯ ಕಥೆಯನ್ನು ಮುಂದುವರಿಸಿದ್ದಾನೆ. ಅದರಂತೆ ದಿಕ್ಕಿಲ್ಲದ ಮುದುಕಿ ಭಿಕ್ಷುಕರ ಜೊತೆ ಸೇರಿ ಮಗನನ್ನು ಹುಡುಕುತ್ತ ದೊಂಗ್‌ಶಾನ್‌ಗೆ ಬಂದಳು. ಮಗ ಕೋಣೆಯ ಬಾಗಿಲು ತೆರೆಯಲಿಲ್ಲ. ಆಕೆ ಅಲ್ಲೇ ಪ್ರಾಣ ಬಿಟ್ಟಳು. ಆಗ ಮಗ ಹೊರಬಂದು, ಆಕೆ ತಿರಿದು ತಂದಿದ್ದ ಒಂದಿಷ್ಟು ಅಕ್ಕಿಯನ್ನು ಮಠದ ಬೆಳಗಿನ ಗಂಜಿಗೆ ಬೆರೆಸಿ ಎಲ್ಲ ಭಿಕ್ಷುಗಳಿಗೆ ಬಡಿಸಿದ. ಆಕೆ ಕನಸಿನಲ್ಲಿ ಬಂದು, ನಿನ್ನ ಗಟ್ಟಿತನದಿಂದ ನಾನು ದೇವಲೋಕ ಸೇರಿದೆ ಎಂದಳಂತೆ. ನಾಲ್ಕು ಶತಮಾನಗಳ ನಂತರ ಬಂದ ಈ ಕಥೆಯನ್ನು ಇತಿಹಾಸವೆಂದು ತೆಗೆದುಕೊಳ್ಳಬೇಕಿಲ್ಲ. ನನಗಂತೂ ಆ ಮುಚ್ಚಿದ ಬಾಗಿಲನ್ನು ಮೆಚ್ಚಲಾಗದು. ಆದರೆ ಕಥೆ ಕಟ್ಟಿದವರಿಗೆ ತಾಯಿಯ ಶರತ್ತು ನೆನಪಿತ್ತು. ಸಂಘಕ್ಕೆ ಕೊಟ್ಟ ಅನ್ನದಿಂದ ತಾಯಿ ಪಾರಾಗುವುದು ಮೌದ್ಗಲ್ಯಾಯನನ ದಾರಿಯೇ. ಸಾಲ ತೀರಿತು ಎಂದು ತೋರಿಸದೆ ಅವರಿಗೆ ಕಥೆ ಮುಗಿಸಲಾಗಲಿಲ್ಲ.

ಲಿಯಾಂಗ್‌ಜಿಯೆಯ ಉಳಿದ ಬದುಕೂ ಸುಲಭದ್ದಾಗಿರಲಿಲ್ಲ. ಅವನ ನಡುವಯಸ್ಸಿನಲ್ಲಿ, 845ರಲ್ಲಿ, ವೂಝೊಂಗ್ ಚಕ್ರವರ್ತಿ 4,600ಕ್ಕೂ ಹೆಚ್ಚು ಮಠಗಳನ್ನು ಕೆಡವಿಸಿ, ಎರಡೂವರೆ ಲಕ್ಷಕ್ಕೂ ಮೀರಿದ ಭಿಕ್ಷು ಭಿಕ್ಷುಣಿಯರನ್ನು ಬಲವಂತದಿಂದ ಸಂಸಾರಕ್ಕೆ ಮರಳಿಸಿದ. ಆ ಬಿರುಗಾಳಿ ಅಡಗಿದ ಮೇಲೆ ಅವನು ದೊಂಗ್‌ಶಾನ್‌ನಲ್ಲಿ ನೆಲೆಯಾದ. 869ರಲ್ಲಿ ಕೊನೆಗಾಲ ಬಂದಾಗ ಕೂತಲ್ಲೇ ಕಣ್ಣು ಮುಚ್ಚಿದ. ಶಿಷ್ಯರು ಗೋಳಾಡಿ ಅತ್ತರು. ಕಣ್ಣು ತೆರೆದು, ಮನೆ ಬಿಟ್ಟವರು ಹೀಗೆ ಅಳಬಹುದೇ ಎಂದು ಗದರಿಸಿದ. ಎಲ್ಲರಿಗೂ ಒಂದು ಊಟ ಸಿದ್ಧಪಡಿಸಲು ಹೇಳಿದ. ಶಿಷ್ಯರು ಅವನನ್ನು ಬಿಡಲಾರದೆ ಅಡುಗೆಯನ್ನು ಏಳು ದಿನ ಎಳೆದರು. ಅವರ ಜೊತೆ ಕೂತು ಉಂಡು, ಆಮೇಲೆ ದೇಹ ಬಿಟ್ಟ. ಚೀನೀ ಎಣಿಕೆಯಲ್ಲಿ ಆಗ ಅವನಿಗೆ 63 ವರ್ಷ.

ಕೊರಿಯಾದ ಬೌದ್ಧ ಮಠಗಳಲ್ಲಿ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವ ಪಠ್ಯಗಳಲ್ಲಿ ಚಿಮುನ್ ಎಂಬ ಸಂಕಲನವೊಂದಿದೆ. ಹಿಂದಿನ ಆಚಾರ್ಯರ ಬುದ್ಧಿಮಾತುಗಳು, ಕಾಗದಗಳು ಅದರಲ್ಲಿವೆ. ತಲೆ ಬೋಳಿಸಿಕೊಂಡು ಹೆಚ್ಚು ದಿನವಾಗದ, ಮನೆಯ ನೆನಪು ಹಸಿಯಾಗಿರುವ ಹುಡುಗ ಹುಡುಗಿಯರು ಅದನ್ನು ಮೂಲ ಚೀನೀ ಭಾಷೆಯಲ್ಲೇ ಓದುತ್ತಾರೆ. ಲಿಯಾಂಗ್‌ಜಿಯೆಯ ಎರಡು ಕಾಗದ ಅಲ್ಲಿವೆ. ಅವುಗಳ ಜೊತೆಗೇ ತಾಯಿಯ ಕಾಗದವೂ ಇದೆ, ಶರತ್ತಿನ ಸಮೇತ.